ಒಂದು ಕೆರೆ, ಇಬ್ಬರು ಸಾಕ್ಷಿಗಳು: ಚರ್ಚೆಗೆ ನಾನು ಪ್ರಶ್ನೆ ಬರೆದ ಬಗೆ

ಪಿಯುಸಿ ಮಕ್ಕಳಿಗೆ ವಿಜಯನಗರದ ಪಾಠ ಮಾಡುವಾಗ ನಾನು ಪೋರ್ಚುಗೀಸರ ಬರಹದಿಂದ ಒಂದು ಸಣ್ಣ ಭಾಗವನ್ನು ಮಾತ್ರ ಓದಿಸುತ್ತೇನೆ. ಅರಮನೆ, ಮಹಾನವಮಿಯ ವರ್ಣನೆಯಲ್ಲ, ಕೃಷ್ಣದೇವರಾಯ ಕಟ್ಟಿಸಿದ ಕೆರೆಯ ವಿಷಯ. ಇದನ್ನೇ ಆರಿಸಲು ಕಾರಣವಿದೆ. 1520ರ ಸುಮಾರಿಗೆ ಅಲ್ಲಿಗೆ ಬಂದಿದ್ದ ಡೊಮಿಂಗೊ ಪಾಯೆಸ್ ಇದರ ಬಗ್ಗೆ ಬರೆದಿದ್ದಾನೆ. ಹತ್ತು ಹದಿನೈದು ವರ್ಷ ಬಿಟ್ಟು, ರಾಯ ತೀರಿಕೊಂಡ ಮೇಲೆ, ಕುದುರೆ ವ್ಯಾಪಾರಿ ನೂನಿಜ್ ಕೂಡ ಬರೆದಿದ್ದಾನೆ. ಒಂದೇ ಕೆಲಸಕ್ಕೆ ಎರಡು ಹೇಳಿಕೆ ಸಿಕ್ಕರೆ ಪ್ರಶ್ನೆ ಹುಟ್ಟುವುದು ಸುಲಭ, ಅಲ್ವಾ?

ಪ್ರಶ್ನೆ ಬರೆಯುವ ಮೊದಲು ಪೆನ್ಸಿಲ್ ಹಿಡಿದು ಓದುತ್ತೇನೆ. ಬರೆದವನು ಕಣ್ಣಾರೆ ಕಂಡದ್ದಕ್ಕೆ ಒಂದು ಗುರುತು, ಕೇಳಿದ್ದಕ್ಕೆ ಇನ್ನೊಂದು. ಹದಿನೈದು ಇಪ್ಪತ್ತು ಸಾವಿರ ಜನ ಕೆಲಸ ಮಾಡುತ್ತಿದ್ದರು, ಇರುವೆಗಳ ಹಾಗೆ ಕಾಣುತ್ತಿದ್ದರು, ಕಾಲ ಕೆಳಗಿನ ನೆಲವೇ ಕಾಣುತ್ತಿರಲಿಲ್ಲ ಎನ್ನುತ್ತಾನೆ ಪಾಯೆಸ್. ಇದನ್ನು ತಾನೇ ಕಂಡೆ ಎನ್ನುತ್ತಾನೆ. ಕೆರೆ ಎರಡು ಮೂರು ಸಲ ಒಡೆಯಿತು, ದೇವರಿಗೆ ಸಮಾಧಾನವಾಗಿಲ್ಲ ಎಂದು ಬ್ರಾಹ್ಮಣರು ಹೇಳಿದರು, ರಾಜ ಅರವತ್ತು ಜನರ ತಲೆ ಕಡಿಸಿದ ಎಂದೂ ಬರೆಯುತ್ತಾನೆ. ಇಲ್ಲಿ "ಕಂಡೆ" ಎನ್ನುವ ಮಾತಿಲ್ಲ.

ಅಲ್ಲಿಂದ ನನ್ನ ಮೊದಲ ಪ್ರಶ್ನೆ: "ಇರುವೆಗಳ ಹಾಗೆ ಕಾಣಬೇಕಾದರೆ ಪಾಯೆಸ್ ಎಲ್ಲಿ ನಿಂತಿದ್ದಿರಬಹುದು? ಅಷ್ಟು ದೂರದಿಂದ ಅವನಿಗೆ ಏನು ಗೊತ್ತಾಗುತ್ತಿತ್ತು, ಏನು ಗೊತ್ತಾಗುತ್ತಿರಲಿಲ್ಲ?" ಎರಡನೆಯದು: "ರಾಜ ಮತ್ತು ಬ್ರಾಹ್ಮಣರ ನಡುವೆ ನಡೆದ ಮಾತು ಇವನಿಗೆ ಯಾರಿಂದ ತಿಳಿದಿರಬಹುದು?" ಎರಡಕ್ಕೂ ಮಕ್ಕಳು ಮತ್ತೆ ಸಾಲುಗಳಿಗೇ ಹೋಗಬೇಕು. ಓದದೇ ಉತ್ತರ ಹೇಳಬಹುದಾದ ಪ್ರಶ್ನೆಯನ್ನು ನಾನು ಹೊಡೆದು ಹಾಕುತ್ತೇನೆ. "ಪಾಯೆಸ್ ಪಕ್ಷಪಾತಿಯೇ?" ಎನ್ನುವುದು ಅಂಥದ್ದು. "ಹೌದು ಸಾರ್, ವಿದೇಶಿ" ಎಂದುಬಿಡುತ್ತಾರೆ, ಮುಂದೆ ಮಾತೇ ಇಲ್ಲ.

ಪಕ್ಷಪಾತದ ಪ್ರಶ್ನೆಗೆ ನೂನಿಜ್ ಒಳ್ಳೆಯ ಸಾಮಗ್ರಿ. ಕೆರೆ ಕಟ್ಟಬಲ್ಲವರು ಈ ನಾಡಿನಲ್ಲಿ ಇರಲಿಲ್ಲ, ಹಾಗಾಗಿ ಗೋವಾದಿಂದ ಜೊವಾವೊ ದೆಲ್ಲಾ ಪೊಂತೆ ಎನ್ನುವ ಕಲ್ಲುಕೆಲಸದವನನ್ನು ಕರೆಸಿದರು ಎನ್ನುತ್ತಾನೆ. ಅವನು ಸುಣ್ಣ ಕೇಳಿದಾಗ ರಾಜ ನಕ್ಕನಂತೆ, ಇಲ್ಲಿನವರಿಗೆ ಸುಣ್ಣ ಬಳಸಿ ಕಟ್ಟುವುದೇ ತಿಳಿಯದಂತೆ. ಇದರ ಪಕ್ಕದಲ್ಲಿ ಹಂಪಿಯ ಗೋಪುರಗಳ ಚಿತ್ರ ಇಡುತ್ತೇನೆ. ಮೇಲ್ಭಾಗ ಇಟ್ಟಿಗೆಯದು, ಅದರ ಮೇಲೆ ಗಾರೆಯ ಕೆಲಸ. ಪ್ರಶ್ನೆ ಇಷ್ಟೇ: "ನೂನಿಜ್ ಹೇಳಿದ್ದರಲ್ಲಿ ಯಾವ ಮಾತು ಈ ಚಿತ್ರದ ಮುಂದೆ ನಿಲ್ಲುವುದಿಲ್ಲ? ಆ ಮಾತು ಸುಳ್ಳಾದರೆ, ಅವನು ಹೇಳಿದ ಉಳಿದದ್ದೂ ಸುಳ್ಳೇ?" ಎರಡನೇ ಭಾಗ ಬಿಟ್ಟರೆ ಮಕ್ಕಳು ಇಡೀ ಬರಹವನ್ನೇ ಕಸಕ್ಕೆ ಎಸೆಯುತ್ತಾರೆ. ಏರಿಯ ಕೆಳಗೆ ನೀರು ಹೋಗಲು ಕೊಳವೆ ಇತ್ತು ಎಂದು ಅವನೇ ಹೇಳುತ್ತಾನೆ. ಅದರಲ್ಲಿ ಪೋರ್ಚುಗೀಸರಿಗೆ ಹೆಚ್ಚೇನೂ ಹೆಗ್ಗಳಿಕೆ ಇಲ್ಲ. ಬರೆದವನಿಗೆ ಲಾಭ ಇಲ್ಲದ ಮಾತನ್ನು ತೂಗುವ ರೀತಿಯೇ ಬೇರೆ.

ಬಲಿಯ ವಿಷಯ ಇನ್ನೂ ತೊಡಕು. ಪಾಯೆಸ್ ಅರವತ್ತು ಜನ ಎನ್ನುತ್ತಾನೆ, ಅವರು ಯಾರು ಎನ್ನುವುದಿಲ್ಲ. ನೂನಿಜ್ ಸಂಖ್ಯೆ ಕೊಡುವುದಿಲ್ಲ, ಮರಣದಂಡನೆಗೆ ತಕ್ಕ ಕೈದಿಗಳು ಎನ್ನುತ್ತಾನೆ. "ಇಬ್ಬರೂ ಹೇಳಿದ್ದಾರೆ, ನಿಜವೇ ಇರಬೇಕು" ಎನ್ನುವ ಉತ್ತರ ಗ್ಯಾರಂಟಿ ಬರುತ್ತದೆ. ಅದಕ್ಕೇ ನಾನು ಕೇಳುವುದು: "ಇವು ಎರಡು ಸಾಕ್ಷಿಯೋ, ಒಂದೇ ಸುದ್ದಿ ಎರಡು ಕಿವಿಗೆ ಬಿದ್ದದ್ದೋ? ಹೇಗೆ ಗೊತ್ತು ಮಾಡುತ್ತೀರಿ?" ಇದಕ್ಕೆ ನನ್ನ ಹತ್ತಿರವೂ ಖಚಿತ ಉತ್ತರ ಇಲ್ಲ, ಅದನ್ನು ತರಗತಿಯಲ್ಲಿ ಹೇಳಿಬಿಡುತ್ತೇನೆ.

ಕಾಣೆಯಾದ ದನಿಗಳಿಗೆ "ಕೂಲಿಯವನಿಗೆ ಏನನ್ನಿಸಿರಬಹುದು?" ಎಂದು ನಾನು ಕೇಳುವುದಿಲ್ಲ. ಮಕ್ಕಳು ಸುಮ್ನೆ ಕಥೆ ಕಟ್ಟುತ್ತಾರೆ, ಚೆನ್ನಾಗಿಯೇ ಕಟ್ಟುತ್ತಾರೆ, ಆದರೆ ಅದು ಇತಿಹಾಸ ಅಲ್ಲ. ಬದಲಿಗೆ ಎರಡು ಪಟ್ಟಿ ಮಾಡಿಸುತ್ತೇನೆ: ಈ ಭಾಗದಲ್ಲಿ ಯಾರು ಮಾತಾಡುತ್ತಾರೆ, ಯಾರು ಕೆಲಸ ಮಾತ್ರ ಮಾಡುತ್ತಾರೆ. ರಾಜ, ಬ್ರಾಹ್ಮಣರು ಮೊದಲ ಪಟ್ಟಿಗೆ ಬರುತ್ತಾರೆ. ಮಣ್ಣು ಹೊತ್ತವರು, ತಲೆ ಕೊಟ್ಟವರು ಎರಡನೆಯದಕ್ಕೆ. ನೀರಿನಡಿ ಹೊಲ ಕಳೆದುಕೊಂಡವರು ಇದ್ದರೆ ಅವರು ಯಾವ ಪಟ್ಟಿಯಲ್ಲೂ ಇಲ್ಲ. ಆಮೇಲೆ ಪ್ರಶ್ನೆ: "ಇವರಲ್ಲಿ ಒಬ್ಬರನ್ನು ಆರಿಸಿ. ಅವರ ಬಗ್ಗೆ ತಿಳಿಯಲು ಎಂಥ ದಾಖಲೆ ಹುಡುಕುತ್ತೀರಿ? ಶಾಸನವೋ, ತೆರಿಗೆಯ ಲೆಕ್ಕವೋ, ಏರಿಯ ಮಣ್ಣೋ? ಅದು ಏನನ್ನು ಹೇಳಬಹುದು, ಏನನ್ನು ಹೇಳಲಾರದು?" ದತ್ತಿ ಶಾಸನ ಹುಡುಕುತ್ತೇನೆ ಎಂದವರಿಗೆ, ಅದರಲ್ಲಿ ಸಾಮಾನ್ಯವಾಗಿ ಯಾರ ಹೆಸರು ಇರುತ್ತದೆ ಎಂದು ಮರುಪ್ರಶ್ನೆ ಹಾಕುತ್ತೇನೆ. ಕೊಟ್ಟವನದು, ಪಡೆದವನದು. ಮಣ್ಣು ಹೊತ್ತವರದು ಸಿಗುವುದು ಅಪರೂಪ.

ಒಂದು ತರಗತಿಗೆ ಇಷ್ಟು ಪ್ರಶ್ನೆ ಸಾಕು, ಜಾಸ್ತಿ ಇಟ್ಟರೆ ಓಟ ಶುರುವಾಗುತ್ತದೆ. ಸಮಯ ಉಳಿದರೆ ನೂನಿಜ್‌ನ ಇನ್ನೊಂದು ಸಾಲು ತೆಗೆಯುತ್ತೇನೆ. ಈ ನೀರು ಹರಿದ ಭೂಮಿಯನ್ನು ರಾಯ ಒಂಬತ್ತು ವರ್ಷ ಕಂದಾಯವಿಲ್ಲದೆ ಜನರಿಗೆ ಕೊಟ್ಟನಂತೆ. "ಜನ ಎಂದರೆ ಯಾರು?" ಎಂದು ಬೋರ್ಡಿನ ಮೇಲೆ ಬರೆದು, ಮನೆಗೆಲಸಕ್ಕೆ ಕೊಟ್ಟು ಕಳಿಸುತ್ತೇನೆ.