ಸೊಂಟವನ್ನು ಹಿಡಿದಿರುವುದು ಯಾವುದು? ನಾಲ್ಕು ಬಗೆಯ ಡ್ರೆಸ್ ಹೊಲಿದ ನನ್ನ ಅನುಭವ

ಮೈಸೂರಿನಲ್ಲಿ ನಾನು ಹೊಲಿಗೆ ಅಂಗಡಿ ಇಟ್ಟು ಹದಿನೈದು ವರ್ಷಗಳ ಮೇಲಾಯಿತು. ಬ್ಲೌಸ್ ಮತ್ತು ಚೂಡಿದಾರ್‌ಗಳಿಂದಲೇ ಅಂಗಡಿ ನಡೆಯುತ್ತಿತ್ತು. ಐದಾರು ವರ್ಷಗಳಿಂದ ಈಚೆಗೆ ಹುಡುಗಿಯರು ಫೋನಿನಲ್ಲಿ ಫೋಟೊ ತೋರಿಸಿ, "ಅಕ್ಕಾ, ಇಂಥದ್ದೇ ಡ್ರೆಸ್ ಬೇಕು" ಎಂದು ಕೇಳಲು ಶುರುಮಾಡಿದರು. ನಮ್ಮ ಬೀದಿಯ ಹಿರಿಯ ಕಟಿಂಗ್ ಮಾಸ್ಟರ್ ಒಬ್ಬರು ಆಗ ನನಗೆ ಹೇಳಿದ್ದು ಇಷ್ಟು: "ನೋಡಮ್ಮಾ, ಕುರ್ತಿಯ ಪೇಪರ್ ಕಟಿಂಗ್ ಒಂದಿದ್ದರೆ ಸಾಕು. ಕುತ್ತಿಗೆ ಬದಲಿಸು, ತೋಳು ಬದಲಿಸು, ಯಾವ ಡ್ರೆಸ್ ಬೇಕಾದರೂ ಆಗುತ್ತದೆ." ಅವರ ಕೈಯಲ್ಲಿ ಕೆಲಸ ಕಲಿತವಳು ನಾನು. ಆದ್ದರಿಂದ ಮೊದಲ ವರ್ಷ ಹಾಗೆಯೇ ಕತ್ತರಿಸಿದೆ, ಬಟ್ಟೆಯ ಬೆಲೆ ಮತ್ತು ಮರುಹೊಲಿಗೆ ಸೇರಿ ಸುಮಾರು ಎಂಟು ಸಾವಿರ ರೂಪಾಯಿ ಕಳೆದುಕೊಂಡೆ.

ಈಗ ನಾನು ಟೇಪ್ ಹಿಡಿಯುವ ಮೊದಲು ಫೋಟೊವನ್ನು ದೊಡ್ಡದು ಮಾಡಿ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಮೈ ಒಳಗೆ ಹೋಗುವ ದಾರಿ ಎಲ್ಲಿದೆ? ಸೊಂಟವನ್ನು ಹಿಡಿದಿರುವುದು ಯಾವುದು? ರ‍್ಯಾಪ್ ಡ್ರೆಸ್ ಮುಂಭಾಗದಲ್ಲಿ ಪೂರ್ತಿ ತೆರೆದುಕೊಳ್ಳುತ್ತದೆ, ಅದರ ಸೊಂಟವನ್ನು ಉಡುವವರೇ ಪ್ರತಿ ಸಲ ಕಸೆ ಕಟ್ಟಿ ನಿರ್ಧರಿಸುತ್ತಾರೆ. ಶರ್ಟ್ ಡ್ರೆಸ್ಸಿಗೆ ಕಾಲರ್, ಮುಂಪಟ್ಟಿ, ಗುಂಡಿಗಳಿರುತ್ತವೆ, ಸೊಂಟಕ್ಕೆ ಬೆಲ್ಟ್ ಅಥವಾ ಒಂದು ಜೋಡಣೆಯ ಹೊಲಿಗೆ ಇರುತ್ತದೆ. ಸ್ಲಿಪ್ ಡ್ರೆಸ್ಸನ್ನು ತಲೆಯ ಮೇಲಿನಿಂದ ಇಳಿಸಿಕೊಳ್ಳುತ್ತಾರೆ, ಸೊಂಟವನ್ನು ಹಿಡಿಯುವ ವಸ್ತು ಅದರಲ್ಲಿ ಏನೂ ಇರುವುದಿಲ್ಲ. ಸನ್ ಡ್ರೆಸ್ಸಿನಲ್ಲಿ ಸೊಂಟದ ಹೊಲಿಗೆಯೇ ಇಡೀ ಉಡುಪನ್ನು ಹೊತ್ತಿರುತ್ತದೆ, ದಾರಿ ಪಕ್ಕದ ಅಥವಾ ಬೆನ್ನಿನ ಜಿಪ್ಪಿನಲ್ಲಿರುತ್ತದೆ. ಕುರ್ತಿಯ ಪೇಪರ್‌ನಲ್ಲಿ ಈ ನಾಲ್ಕರಲ್ಲಿ ಯಾವುದಕ್ಕೂ ಉತ್ತರವಿಲ್ಲ, ಏಕೆಂದರೆ ಕುರ್ತಿ ಭುಜದಿಂದ ನೇತಾಡುವ ಉಡುಪು.

ನನಗೆ ಇದು ಮನದಟ್ಟಾದದ್ದು ಒಬ್ಬಳೇ ಗಿರಾಕಿಯಿಂದ. ಎದೆ 36, ಸೊಂಟ 30, ಸೀಟು 39 ಇಂಚು ಇದ್ದ ಒಬ್ಬ ಹುಡುಗಿ ಪ್ರವಾಸಕ್ಕೆಂದು ನಾಲ್ಕು ಡ್ರೆಸ್ಸುಗಳನ್ನು ಒಟ್ಟಿಗೆ ಕೊಟ್ಟಳು.

ಮೊದಲು ರ‍್ಯಾಪ್ ಡ್ರೆಸ್ಸಿನ ವಿಷಯ. ನಾನು ಕುರ್ತಿಯ ಮುಂಭಾಗವನ್ನು ನಡುವೆ ಸೀಳಿ, ಎರಡೂ ಕಡೆ ಮೂರು ಮೂರು ಇಂಚು ಹೆಚ್ಚು ಬಿಟ್ಟು ರೇಯಾನ್ ಬಟ್ಟೆಯಲ್ಲಿ ಕತ್ತರಿಸಿದ್ದೆ. ನಿಂತಾಗ ಚೆನ್ನಾಗಿಯೇ ಕಂಡಿತು. ಅವಳು ಸ್ಟೂಲಿನ ಮೇಲೆ ಕುಳಿತ ಕೂಡಲೇ ತೊಡೆಯ ಮೇಲೆ ತೆರೆದುಕೊಂಡಿತು, ಬಗ್ಗಿದರೆ ಎದೆಯ ಬಳಿ ಜೋಲು ಬಿತ್ತು. ಎರಡು ಕಡೆ ಟಿಚ್ ಬಟನ್ ಹಾಕಿ ಕೊಟ್ಟೆ. ವಾರದೊಳಗೆ ಅದರ ಸುತ್ತ ಬಟ್ಟೆ ಹಿಂಜಿಹೋಗಿ ಡ್ರೆಸ್ ಮರಳಿ ಬಂತು. ನ್ಯೂಯಾರ್ಕಿನ ಡಯಾನ್ ವಾನ್ ಫರ್ಸ್ಟನ್‌ಬರ್ಗ್ 1974ರಲ್ಲಿ ಹೆಸರುವಾಸಿ ಮಾಡಿದ ರ‍್ಯಾಪ್ ಡ್ರೆಸ್ ಜರ್ಸಿಯದು, ಅಂದರೆ ಹೆಣಿಗೆಯ ಬಟ್ಟೆಯದು. ಅದು ಹಿಗ್ಗಿ ಮೈಗೆ ಅಂಟಿಕೊಳ್ಳುತ್ತದೆ. ನಮ್ಮ ಗಿರಾಕಿಗಳು ತರುವ ರೇಯಾನ್, ಕಾಟನ್ ಎಲ್ಲವೂ ನೇಯ್ದ ಬಟ್ಟೆ. ಅದು ತಾನಾಗಿ ಅಂಟುವುದಿಲ್ಲವಾದ್ದರಿಂದ, ಒಂದರ ಮೇಲೊಂದು ಕೂರುವ ಅಗಲವನ್ನು ನಾವೇ ಕೊಡಬೇಕು.

ಎರಡನೆಯ ಸಲ ಸೊಂಟದಲ್ಲಿ ಒಂದೊಂದು ಮುಂಭಾಗವನ್ನೂ ಸುಮಾರು ಹದಿಮೂರು ಇಂಚು ಇಟ್ಟೆ. ಅಂದರೆ ನಡುಗೆರೆಯಿಂದ ಆಚೆಗೆ ಐದೂವರೆ ಇಂಚು. ಕೆಳಗೆ ಬರುತ್ತಾ ಅದನ್ನು ಇನ್ನಷ್ಟು ಅಗಲಿಸಿ, ಅಂಚಿನಲ್ಲಿ ಎದುರು ಪಕ್ಕದ ಹೊಲಿಗೆಯ ಹತ್ತಿರಕ್ಕೆ ಒಯ್ದೆ. ಬಟ್ಟೆ ಮುಕ್ಕಾಲು ಮೀಟರ್ ಹೆಚ್ಚು ಹಿಡಿಯಿತು. ಬಲಭಾಗ ಮೇಲೆ ಬರುವುದರಿಂದ, ಒಳಗಿನ ಎಡಭಾಗದ ಕಸೆ ಹೊರಬರಲು ಬಲ ಪಕ್ಕದ ಹೊಲಿಗೆಯಲ್ಲಿ ಒಂದೂವರೆ ಇಂಚು ಕಂಡಿ ಬಿಡಬೇಕು. ಈ ಕಂಡಿ ಸೊಂಟದ ಗೆರೆಗಿಂತ ಅರ್ಧ ಇಂಚು ಕೆಳಗಿದ್ದರೂ ಡ್ರೆಸ್ ಒಂದು ಪಕ್ಕಕ್ಕೆ ಎಳೆದಂತೆ ಕಾಣುತ್ತದೆ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಕುತ್ತಿಗೆಯ ಓರೆ ಅಂಚು. ಭುಜದಿಂದ ಸೊಂಟದವರೆಗೆ ಆ ಅಂಚು ಹಾಸಿನ ಎಳೆಗೂ ಹೊಕ್ಕಿನ ಎಳೆಗೂ ಸಲ್ಲದೆ ಓರೆಯಾಗಿ ಸಾಗುತ್ತದೆ, ಮೇಜಿನಿಂದ ಎತ್ತಿದರೂ ಸಾಕು ಹಿಗ್ಗುತ್ತದೆ. ಒಮ್ಮೆ ಕತ್ತರಿಸಿದ ಮೇಲೆ ಅಳೆದಾಗ ಇಪ್ಪತ್ತು ಇಂಚು ಇದ್ದದ್ದು, ಪೈಪಿಂಗ್ ಹಾಕಿ ಮುಗಿಸಿದ ಮೇಲೆ ಇಪ್ಪತ್ತೊಂದರ ಹತ್ತಿರ ಬಂದಿತ್ತು. ಆ ಒಂದು ಇಂಚೇ ಎದೆಯ ಬಳಿ ಜೋಲುವುದು. ಈಗ ನಾನು ಕತ್ತರಿಸಿದ ಕೂಡಲೇ, ಬಟ್ಟೆಯನ್ನು ಎತ್ತದೆ, ಅದೇ ಬಟ್ಟೆಯ ಕಿನಾರೆಯಿಂದ ಕಾಲು ಇಂಚಿನ ಪಟ್ಟಿ ತೆಗೆದು, ಅಂಚಿನ ಅಳತೆಗಿಂತ ಅರ್ಧ ಇಂಚು ಕಡಿಮೆ ಇಟ್ಟು ಒಳಗಡೆ ಗುಂಡುಸೂಜಿಯಿಂದ ಚುಚ್ಚಿಕೊಂಡು ಹೊಲಿಯುತ್ತೇನೆ. ಆ ಅರ್ಧ ಇಂಚನ್ನು ಅಂಚಿನ ಯಾವ ಭಾಗದಲ್ಲಿ ಅಡಗಿಸಬೇಕು ಎಂಬುದು ನನ್ನ ಕೈಯ ಕೆಲಸ, ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ರ‍್ಯಾಪ್ ಡ್ರೆಸ್ ಬಗ್ಗಿದರೂ ಎದೆಯ ಬಳಿ ಬಾಯಿ ತೆರೆಯುವುದಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ಸ್ಲಿಪ್ ಡ್ರೆಸ್ಸಿನಲ್ಲಿ ಹೆಚ್ಚು ಹಣ ಹೋಯಿತು. ಫೋಟೊದಲ್ಲಿ ಅದು ನಾಲ್ಕರಲ್ಲಿ ಸುಲಭವಾಗಿ ಕಾಣುತ್ತದೆ: ಎರಡು ತುಂಡು, ಎರಡು ದಾರದಂಥ ಪಟ್ಟಿ. ನಾನು ಸ್ಯಾಟಿನ್ ಕ್ರೇಪನ್ನು ನೇರ ಎಳೆಯ ಮೇಲೆ ಕತ್ತರಿಸಿದೆ. ಸೊಂಟವನ್ನು ಮೈಗೆ ಹತ್ತಿಸಿದ್ದೆನಾದ್ದರಿಂದ ಅದು ಭುಜ ದಾಟಿ ಇಳಿಯಲೇ ಇಲ್ಲ. ಪಕ್ಕಕ್ಕೆ ಜಿಪ್ ಹಾಕಿದೆ. ಆ ತೆಳು ಬಟ್ಟೆಯಲ್ಲಿ ಜಿಪ್ ಅಲೆಅಲೆಯಾಗಿ ಉಬ್ಬಿ ನಿಂತಿತು. ಫೋಟೊದಲ್ಲಿ ಜಿಪ್ಪೂ ಇಲ್ಲ, ಡಾರ್ಟೂ ಇಲ್ಲ, ಆದರೂ ಬಟ್ಟೆ ಸೊಂಟದ ಮೇಲೆ ನೀರಿನಂತೆ ಹರಿದಿದೆ ಎಂಬುದನ್ನು ನಾನು ಆಗ ಗಮನಿಸಲಿಲ್ಲ. ಅದಕ್ಕೆ ಕಾರಣ ಪೂರ್ತಿ ಕ್ರಾಸ್ ಕಟಿಂಗ್. ಪ್ಯಾರಿಸ್ಸಿನ ಮ್ಯಾಡಲೀನ್ ವಿಯೊನೆ 1920ರ ದಶಕದಲ್ಲೇ ಇಡೀ ಉಡುಪನ್ನು ಹೀಗೆ 45 ಡಿಗ್ರಿ ಓರೆಯಲ್ಲಿ ಕತ್ತರಿಸಿ ತೋರಿಸಿದ್ದರು. ಓರೆಯಲ್ಲಿ ಬಟ್ಟೆ ಹಿಗ್ಗುವುದರಿಂದ ಭುಜ ದಾಟುತ್ತದೆ, ಇಳಿದ ಮೇಲೆ ಮತ್ತೆ ಕುಗ್ಗಿ ಸೊಂಟಕ್ಕೆ ಒರಗುತ್ತದೆ. ಬೇರೆ ದಾರಿಯೂ ಬೇಡ, ಬೇರೆ ಹಿಡಿತವೂ ಬೇಡ.

ಎರಡನೆಯ ಸಲ ಕ್ರಾಸ್‌ನಲ್ಲಿ ಕತ್ತರಿಸಲು 44 ಇಂಚು ಪನ್ನಾದ ಬಟ್ಟೆ ಮೂರೂವರೆ ಮೀಟರ್ ಹಿಡಿಯಿತು, ನೇರ ಎಳೆಯಲ್ಲಿ ಎರಡೂಕಾಲು ಸಾಕಾಗಿತ್ತು. ಮೀಟರಿಗೆ ಸುಮಾರು 180 ರೂಪಾಯಿಯ ಬಟ್ಟೆ, ಅದೂ ನನ್ನ ಕೈಯಿಂದ. ಹೊಲಿದು, ಅಂಚು ಮಡಿಸಿ, ಇಸ್ತ್ರಿ ಮಾಡಿ ಕೊಟ್ಟೆ. ನಾಲ್ಕು ದಿನದ ನಂತರ ಅವಳು ಅದನ್ನು ತಂದಾಗ ಅಂಚು ಕೆಲವು ಕಡೆ ಒಂದೂವರೆ ಇಂಚು ಕೆಳಗಿಳಿದಿತ್ತು, ಕುಳಿತಾಗ ಪಕ್ಕದ ಹೊಲಿಗೆಯ ದಾರ ಎರಡು ಕಡೆ ತುಂಡಾಗಿತ್ತು. ಓರೆ ಬಟ್ಟೆ ತನ್ನ ತೂಕಕ್ಕೆ ತಾನೇ ಜಗ್ಗುತ್ತದೆ, ನೇರ ಹೊಲಿಗೆಯ ದಾರಕ್ಕೆ ಹಾಗೆ ಜಗ್ಗಲು ಬರುವುದಿಲ್ಲ. ಅಂದಿನಿಂದ ಸ್ಲಿಪ್ ಡ್ರೆಸ್ಸನ್ನು ಪಕ್ಕ ಹೊಲಿದ ಮೇಲೆ ಎರಡು ದಿನ ಹ್ಯಾಂಗರಿಗೆ ತೂಗುಹಾಕುತ್ತೇನೆ, ಆಮೇಲೆ ಗಿರಾಕಿಗೆ ತೊಡಿಸಿ, ನೆಲದಿಂದ ಸ್ಕೇಲ್ ಇಟ್ಟು ಸುತ್ತಲೂ ಚಾಕಿನಲ್ಲಿ ಗುರುತು ಹಾಕಿ, ಆನಂತರವೇ ಅಂಚು ಮಡಿಸುತ್ತೇನೆ. ಪಕ್ಕವನ್ನು ಹೊಲಿಯುವಾಗ 11ನೇ ನಂಬರಿನ ಸೂಜಿ ಹಾಕಿ, ಕಣ್ಣಿಗೆ ಕಾಣದಷ್ಟು ಸಣ್ಣ ಜಿಗ್‌ಜಾಗ್ ಇಡುತ್ತೇನೆ. ಗಿರಾಕಿ ಎರಡು ದಿನ ಕಾಯಲು ಒಪ್ಪದಿದ್ದರೆ ಆ ಕೆಲಸವನ್ನೇ ಹಿಡಿಯುವುದಿಲ್ಲ.

ಈ ನಡುವೆ ಗುಳೇದಗುಡ್ಡದ ಖಣದಲ್ಲಿ ಸ್ಲಿಪ್ ಡ್ರೆಸ್ ಮಾಡಿದರೆ ಹೇಗೆ ಎಂದು ನನ್ನ ಸಂತೋಷಕ್ಕಾಗಿ ಪ್ರಯತ್ನಿಸಿದೆ. ಖಣ ಬಿಗಿ ನೇಯ್ಗೆಯದು, ಪನ್ನಾ ಕಡಿಮೆ. ಓರೆಯಲ್ಲಿ ಕತ್ತರಿಸಿದರೆ ತುಂಡುಗಳನ್ನು ಜೋಡಿಸಬೇಕಾಯಿತು, ಮೈಮೇಲೆ ಬಾಗದೆ ನಿಂತೇ ಇತ್ತು. ಅದೇ ಖಣವನ್ನು ಸನ್ ಡ್ರೆಸ್ಸಿನ ಮೇಲ್ಭಾಗಕ್ಕೆ ನೇರ ಎಳೆಯಲ್ಲಿ ಬಳಸಿದಾಗ ಅದರ ಬಿಗಿತವೇ ಉಪಕಾರಕ್ಕೆ ಬಂತು. ಕೆಳಗೆ ಕಾಟನ್ನಿನ ನೆರಿಗೆ ಕೊಟ್ಟು ಮಾಡಿದ ಅಂಥ ಏಳೆಂಟು ಡ್ರೆಸ್ಸುಗಳು ಆ ಬೇಸಿಗೆಯಲ್ಲಿ ಮಾರಾಟವಾದವು.

ಸನ್ ಡ್ರೆಸ್ಸಿನಲ್ಲಿ ಪಟ್ಟಿಗಳು ಎಷ್ಟೇ ಅಗಲವಿದ್ದರೂ ಅವುಗಳ ಮೇಲೆ ಭಾರ ಹಾಕಬಾರದು. ನಾನು ಮೊದಲು ಕುರ್ತಿಯ ಅಭ್ಯಾಸದಂತೆ ಎದೆ, ಸೊಂಟ ಎರಡರಲ್ಲೂ ಮೂರು ಇಂಚು ಸಡಿಲ ಬಿಟ್ಟಿದ್ದೆ. ನೆರಿಗೆಯ ಭಾರಕ್ಕೆ ಇಡೀ ಮೇಲ್ಭಾಗ ಕೆಳಗಿಳಿದು, ಪಟ್ಟಿಗಳು ಭುಜವನ್ನು ಕೊರೆದವು. ಈಗ ಸೊಂಟಕ್ಕೆ ಒಂದು ಇಂಚು, ಎದೆಗೆ ಒಂದೂವರೆ ಇಂಚು ಮಾತ್ರ ಸಡಿಲ ಬಿಡುತ್ತೇನೆ. ಜಿಪ್ ಬೇಡವೆನ್ನುವವರಿಗೆ ಬೆನ್ನಿನ ತುಂಡನ್ನು ಬೇಕಾದ ಅಗಲದ ಎರಡರಷ್ಟು ಕತ್ತರಿಸಿ, ಬಾಬಿನ್ನಿನಲ್ಲಿ ಎಲಾಸ್ಟಿಕ್ ದಾರ ಹಾಕಿ ಸಾಲುಸಾಲಾಗಿ ಹೊಲಿಯುತ್ತೇನೆ. ಎಲಾಸ್ಟಿಕ್ ದಾರವನ್ನು ಬಾಬಿನ್ನಿಗೆ ಕೈಯಿಂದ, ಎಳೆಯದೆ ಸುತ್ತಬೇಕು. ಮೆಷಿನ್ನಿನಲ್ಲಿ ಸುತ್ತಿದರೆ ಅದು ಮೊದಲೇ ಜಗ್ಗಿಹೋಗಿರುತ್ತದೆ. ಹೊಲಿದಾದ ಮೇಲೆ ಹಬೆಯ ಇಸ್ತ್ರಿಯನ್ನು ಬಟ್ಟೆಗೆ ತಾಗಿಸದೆ ಮೇಲೆ ಹಿಡಿದರೆ ಸಾಲುಗಳು ಕಣ್ಣೆದುರೇ ಮುದುಡಿಕೊಳ್ಳುತ್ತವೆ.

ಶರ್ಟ್ ಡ್ರೆಸ್ ನಮಗೆಲ್ಲ ಗೊತ್ತಿರುವ ಕೆಲಸ. ಒಂದು ಮಾತು ಮಾತ್ರ ಹೇಳುತ್ತೇನೆ. ಗುಂಡಿಗಳನ್ನು ಕುತ್ತಿಗೆಯಿಂದ ಎಣಿಸುತ್ತಾ ಬರಬಾರದು. ಎದೆಯ ಅತಿ ಉಬ್ಬಿದ ಗೆರೆಯ ಮೇಲೆ ಒಂದು ಗುಂಡಿಯನ್ನು ಮೊದಲು ಗುರುತಿಸಿ, ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಮೂರು, ಮೂರೂಕಾಲು ಇಂಚಿಗೆ ಒಂದರಂತೆ ಹಂಚಬೇಕು. ಬೆಲ್ಟಿನ ಕೆಳಗೆ ಗುಂಡಿ ಬಂದರೆ ಅದು ಉಬ್ಬಿ ಕಾಣುತ್ತದೆ. ಅಲ್ಲಿ ಒಳಗಡೆಗೆ ಒಂದು ಹುಕ್ ಹಾಕುತ್ತೇನೆ.

ಎರಡು ಪ್ರಶ್ನೆಗಳ ನಿಜವಾದ ಉಪಯೋಗ ಇರುವುದು ಮಿಶ್ರ ಡ್ರೆಸ್ಸುಗಳಲ್ಲಿ. ಸ್ಯಾಟಿನ್ನಿನಲ್ಲಿ ಸಣ್ಣ ಪಟ್ಟಿ ಇರುವುದನ್ನೆಲ್ಲ ಗಿರಾಕಿಗಳು ಸ್ಲಿಪ್ ಎನ್ನುತ್ತಾರೆ. ಸೊಂಟದಲ್ಲಿ ಅಡ್ಡ ಹೊಲಿಗೆ ಕಂಡರೆ ಅದನ್ನು ನಾನು ಸನ್ ಡ್ರೆಸ್ ಎಂದೇ ಕತ್ತರಿಸುತ್ತೇನೆ, ಮೂರೂವರೆ ಮೀಟರ್ ಬಟ್ಟೆ ತರಿಸುವುದಿಲ್ಲ. ಮುಂದೆ ಉದ್ದಕ್ಕೂ ಗುಂಡಿಗಳಿದ್ದರೂ ಕಾಲರ್ ಇಲ್ಲದೆ, ಸೊಂಟವನ್ನು ಹೊಲಿಗೆಯೇ ಬಿಗಿದಿದ್ದರೆ ಅದೂ ಸನ್ ಡ್ರೆಸ್ಸೇ. ಅಲ್ಲಿ ಗುಂಡಿ ದಾರಿ ಮಾತ್ರ, ಎಳೆತವೆಲ್ಲ ಸೊಂಟದ ಹೊಲಿಗೆಯದು. ಹಿಂದೆ ಯಾವ ಡ್ರೆಸ್ಸಾದರೂ 450 ರೂಪಾಯಿ ಎನ್ನುತ್ತಿದ್ದವಳು ಈಗ ಸನ್ ಡ್ರೆಸ್ಸಿಗೆ 750, ಸ್ಲಿಪ್ಪಿಗೆ 850, ರ‍್ಯಾಪ್‌ಗೆ 900, ಶರ್ಟ್ ಡ್ರೆಸ್ಸಿಗೆ ಸಾವಿರದ ಹತ್ತಿರ ತೆಗೆದುಕೊಳ್ಳುತ್ತೇನೆ, ಮರುಹೊಲಿಗೆಗೆ ಬರುವುದು ತಿಂಗಳಿಗೆ ಒಂದೋ ಎರಡೋ.

ಕಳೆದ ತಿಂಗಳು ಮಾಸ್ಟರ್ ತಮ್ಮ ಅಂಗಡಿಯ ಹುಡುಗನ ಕೈಯಲ್ಲಿ ಒಂದು ಫೋಟೊ ಕಳಿಸಿ, "ಇದು ರ‍್ಯಾಪ್ ತಾನೇ ಅಂತ ಅಕ್ಕನ್ನ ಕೇಳಿಕೊಂಡು ಬಾ" ಎಂದಿದ್ದರು. ಮುಂದೆ ಕುತ್ತಿಗೆ ಒಂದರ ಮೇಲೊಂದು ಹಾದಿತ್ತು, ಸೊಂಟದಲ್ಲಿ ಕಸೆಯೂ ಇತ್ತು. ಆದರೆ ಆ ಕಸೆ ಎರಡು ಪಕ್ಕದ ಹೊಲಿಗೆಗಳಿಂದ ಹೊರಟಿತ್ತು, ಕಂಡಿ ಎಲ್ಲಿಯೂ ಇರಲಿಲ್ಲ, ಕೆಳಗಿನ ಭಾಗ ಮುಂದೆ ತೆರೆಯದೆ ಮುಚ್ಚಿಕೊಂಡಿತ್ತು. ಮೇಲೆ ಹಾದದ್ದನ್ನು ಸೊಂಟದ ಹೊಲಿಗೆಯಲ್ಲೇ ಸೇರಿಸಿ, ಎಡ ಪಕ್ಕಕ್ಕೆ 14 ಇಂಚಿನ ಜಿಪ್ ಇಡಿ, ಕುತ್ತಿಗೆಗೆ ಮಾತ್ರ ಕಿನಾರೆಯ ಪಟ್ಟಿ ಮರೆಯಬೇಡಿ ಎಂದು ಒಂದು ಚೀಟಿಯಲ್ಲಿ ಬರೆದು ಕಳಿಸಿದೆ. ಅವರು ಹಾಗೆಯೇ ಹೊಲಿದರು, ಆ ಡ್ರೆಸ್ ಮೊದಲ ಟ್ರಯಲ್‌ನಲ್ಲೇ ಗಿರಾಕಿಗೆ ಸರಿಹೋಯಿತು.