70 ಪರ್ಸೆಂಟ್ ಬ್ಲಾಕ್ ಅಂತ ಬಂದ ರಿಪೋರ್ಟು, ನಾ ಅಳದಾಗ 20

ಹುಬ್ಬಳ್ಳ್ಯಾಗ ಸ್ಕ್ಯಾನಿಂಗ್ ಮಾಡೋದು ನನ್ನ ಕೆಲಸ. ಹೊಟ್ಟಿ ಸ್ಕ್ಯಾನು, ಗರ್ಭಿಣಿ ಸ್ಕ್ಯಾನು ದಿನಾ ಇದ್ದದ್ದ, ಕುತ್ತಿಗಿ ನಾಳದಾಗ ರಕ್ತ ಹೆಂಗ ಹರೀತೈತಿ ಅಂತ ನೋಡೋ ಡಾಪ್ಲರ್ ಮಾತ್ರ ವಾರಕ್ಕ ನಾಲ್ಕೈದು ಬರ್ತಾವು. ಆದ್ರ ರಿಪೋರ್ಟ್ ಟೈಪ್ ಮಾಡೂವಾಗ ನಾನು ಜಾಸ್ತಿ ಹೊತ್ತು ಕೂಡೋದು ಇದಕ್ಕ, ಯಾಕಂದ್ರ ಇದರಾಗ ಬರಿಯೋ ಒಂದ ಒಂದು ಪರ್ಸೆಂಟೇಜ್ ನೋಡಿ ಮನಿ ಮಂದಿ ಆಪರೇಷನ್ ಮಾಡ್ಸಬೇಕೋ ಬ್ಯಾಡೋ ಅಂತ ರಾತ್ರಿಯೆಲ್ಲಾ ಚರ್ಚೆ ಮಾಡ್ತಾರ, ಮತ್ತ ಆ ಪರ್ಸೆಂಟೇಜ್ ಹೆಂಗ ಬಂತು ಅಂತ ರಿಪೋರ್ಟಿನ್ಯಾಗ ಭಾಳ ಸಲ ಬರದಿರೋದ ಇಲ್ಲ.

ರೋಣದ ಕಡಿಂದ 62 ವರ್ಷದ ಒಬ್ಬ ರೈತರು ಬಂದಿದ್ರು, ಜೋಡಿ ಹೆಂಡ್ತಿ ಮತ್ತ ಮಗ. ಕೈಯಾಗ ಬ್ಯಾರೆ ಕಡೆ ಮಾಡ್ಸಿದ್ದ ರಿಪೋರ್ಟು, ಎಡಗಡಿ ಇಂಟರ್ನಲ್ ಕೆರೋಟಿಡ್ ಶುರುವಾಗೋ ಕಡೆ 70 ಪರ್ಸೆಂಟ್ ಸ್ಟೆನೋಸಿಸ್, ಅಂದ್ರ ನಾಳ ಅಷ್ಟು ಕಿರಿದಾಗೈತಿ ಅಂತ ದಪ್ಪ ಅಕ್ಷರದಾಗ. ಕೆರೋಟಿಡ್ ಅಂದ್ರ ಕುತ್ತಿಗಿ ಎರಡೂ ಬಾಜೂ ಮಿದುಳಿಗೆ ರಕ್ತ ಒಯ್ಯೋ ನಾಳ. "ನರ ಮುಕ್ಕಾಲು ಮುಚ್ಚೈತಂತ, ಆಪರೇಷನ್‌ಗೆ ಎಷ್ಟಾಗ್ತೈತ್ರಿ ಡಾಕ್ಟ್ರ?" ಅಂತ ಮಗ ಬಂದ ಕೂಡ್ಲೇ ಕೇಳಿದ. ನಾನು ಮೊದಲ ಅವರಪ್ಪಗ ಕೇಳಿದೆ, ಯಜಮಾನ್ರ, ಈ ಸ್ಕ್ಯಾನ್ ಯಾತಕ್ಕ ಮಾಡ್ಸಿದ್ರಿ? ಮಲಗಿದಲ್ಲೇ ಮಗ್ಗಲು ಬದಲಿಸಿದ್ರ ಮನಿ ಜಂತಿ ಗರಗರ ತಿರಗಿದಂಗ ಆಗ್ತೈತಿ, ಅರ್ಧ ನಿಮಿಷಕ್ಕ ನಿಲ್ತೈತಿ ಅಂದ್ರು. ಬಲಗೈ ಜೋಲು ಬಿದ್ದದ್ದು, ಬಾಯಿ ವಾರಿ ಆದದ್ದು, ಮಾತು ತೊದಲಿದ್ದು, ಎಡಗಣ್ಣಿಗೆ ಪರದೆ ಇಳದಂಗ ಆಗಿ ಮತ್ತ ಸರಿ ಆದದ್ದು ಏನರ ಐತೇನ್ರಿ ಅಂತ ಒಂದೊಂದ ಕೇಳಿದೆ, ಒಂದೂ ಇಲ್ಲ.

ಇದನ್ನ ಯಾಕ ಕೇಳ್ತೀನಂದ್ರ, ಕೆರೋಟಿಡ್‌ನಿಂದ ಲಕ್ವಾ ಆಗೋದು ಬಹಳ ಮಟ್ಟಿಗೆ ರಕ್ತ ಕಮ್ಮಿ ಹರಿದು ಅಲ್ಲ. ಒಳಗ ಕೂತ ಪ್ಲಾಕ್, ಅಂದ್ರ ನಾಳದ ಗೋಡ್ಯಾಗ ಕಟ್ಟಿದ ಕೊಬ್ಬಿನ ಗಡ್ಡಿ, ಅದರ ಮ್ಯಾಲಿನ ಪದರ ಒಡೀತೈತಿ, ಅಲ್ಲಿ ರಕ್ತ ಹೆಪ್ಪುಗಟ್ಟಿ ಅದರ ಚೂರು ಮ್ಯಾಲೆ ತೇಲಿ ಹೋಗಿ ಮಿದುಳಿನ ಸಣ್ಣ ನಾಳದಾಗ ಸಿಕ್ಕೊಂತೈತಿ. ಎಡಗಡಿ ಕೆರೋಟಿಡ್ ಚೂರು ಹೋದ್ರ ಬಲಗೈ ಬಲಗಾಲು ಮತ್ತ ಮಾತು, ಕಣ್ಣು ಮಾತ್ರ ಅದ ಬಾಜೂದು. ಹಾಸಿಗ್ಯಾಗ ಮಗ್ಗಲಾದಾಗಷ್ಟ ಬರೋ ತಲಿತಿರುಗು ಒಳಗಿವ್ಯಾಗಿನ ಸಮಸ್ಯಾ, ಅದಕ್ಕ ಈ ನಾಳ ಕಾರಣ ಅಲ್ಲ. ಅಂದ್ರ ಇವರ ಪ್ಲಾಕ್ ಇನ್ನೂ ಏನೂ ತೊಂದ್ರಿ ಕೊಟ್ಟಿಲ್ಲ. ಇದ ಒಂದು ಸಾಲು ಗೊತ್ತಿಲ್ಲದ ಪರ್ಸೆಂಟೇಜ್ ಇಟ್ಕೊಂಡು ಯಾರೂ ಏನೂ ನಿರ್ಧಾರ ಮಾಡಾಕ ಬರಂಗಿಲ್ಲ.

ಆಮ್ಯಾಲೆ ಮಲಗಿಸಿದೆ. ತಲಿದಿಂಬು ತಗದು ಹೆಗಲ ಕೆಳಗ ಮಡಚಿದ ಟವೆಲ್ ಇಟ್ಟು, ಮಾರಿ ಬಲಕ್ಕ ಹೊಳ್ಳಿಸಿ, ಕಾಲರ್ ಎಲುವಿನಿಂದ ದವಡಿ ತನಕ ಮೊದಲ ಅಡ್ಡಡ್ಡ ನೋಡ್ಕೋತ ಹೋಗ್ತೀನಿ. ದವಡಿ ಕೆಳಗ ನಾಳ ಎರಡಾಗಿ ಒಡೀತೈತಿ, ಒಂದು ಮಿದುಳಿಗೆ, ಒಂದು ಮಾರಿಗೆ. ಯಾವುದು ಯಾವುದು ಅಂತ ಅನುಮಾನ ಬಂದ್ರ ಕಿವಿ ಮುಂದ ಬಳ್ಳಲೆ ಪಟಪಟ ಬಡೀತೀನಿ, ಮಾರಿಗೆ ಹೋಗೋ ನಾಳದ ಗ್ರಾಫಿನ್ಯಾಗ ಆ ಬಡತ ಸಣ್ಣ ಸಣ್ಣ ಅಲಿ ಆಗಿ ಕಾಣ್ತೈತಿ. ಒಡಿಯೋ ಜಾಗದಾಗ ನಾಳ ಸ್ವಲ್ಪ ಉಬ್ಬಿರ್ತೈತಿ, ಅದಕ್ಕ ಬಲ್ಬ್ ಅಂತೀವಿ, ಪ್ಲಾಕ್ ಕೂಡೋದು ಹೆಚ್ಚಾಗಿ ಅಲ್ಲೇ. ಇವರದೂ ಅಲ್ಲೇ ಇತ್ತು, ಹಿಂದಿನ ಗೋಡಿಗೆ, 3.4 ಮಿ.ಮೀ. ದಪ್ಪ. ಬಣ್ಣ ಬಹುತೇಕ ಕಪ್ಪು, ಅಂದ್ರ ಮೆತ್ತನ್ನ ಪ್ಲಾಕ್, ರಕ್ತನೂ ಸ್ಕ್ರೀನ್ ಮ್ಯಾಲೆ ಕಪ್ಪ ಕಾಣೋದ್ರಿಂದ ಕಲರ್ ಹಾಕಿದ ಮ್ಯಾಲೆ ಅದರ ಅಂಚು ಸರಿ ಗೊತ್ತಾತು.

ಈಗ ಅಳತಿ. ಬಲ್ಬಿನ ಗೋಡಿಯಿಂದ ಗೋಡಿಗೆ 7.4 ಮಿ.ಮೀ., ರಕ್ತ ಹರಿಯೋ ಜಾಗ ಉಳದದ್ದು 4 ಮಿ.ಮೀ. ಬಲ್ಬ್ ದಾಟಿ ಮ್ಯಾಲೆ, ನಾಳ ಸಮ ಆಗಿ ಚೊಲೋ ಇರೋ ಕಡೆ ಅಗಲ 5 ಮಿ.ಮೀ. ಇಷ್ಟ ಮೂರು ನಂಬರು, ಆದ್ರ ಇದರಿಂದ ಮೂರು ಬ್ಯಾರೆ ಬ್ಯಾರೆ ಪರ್ಸೆಂಟೇಜ್ ತಗೀಬಹುದು. ಅಡ್ಡ ಚಿತ್ರದಾಗ ಕ್ಷೇತ್ರಫಲ ಹಿಡದ್ರ 71 ಬರ್ತೈತಿ. ಅದ ಜಾಗದಾಗ ಅಗಲ ಹಿಡದ್ರ 46. ಉಳದ 4 ಮಿ.ಮೀ.ನ ಮ್ಯಾಲಿನ ಚೊಲೋ ನಾಳದ 5 ಮಿ.ಮೀ. ಜೋಡಿ ಹೋಲ್ಸಿದ್ರ 20. ಮೂರೂ ಲೆಕ್ಕ ಕರೆಕ್ಟ ಐತಿ, ಯಾವುದೂ ಸುಳ್ಳಲ್ಲ. ಮೊದಲ ಸೆಂಟರ್‌ದವರು ಕ್ಷೇತ್ರಫಲ ತಗೊಂಡಿದ್ರು, ಆದ್ರ ಹಂಗಂತ ಬರದಿರಲಿಲ್ಲ, ತಪ್ಪಾದದ್ದು ಅಷ್ಟ.

ಯಾವ ಲೆಕ್ಕ ಹಿಡೀಬೇಕು ಅಂದ್ರ ಆಪರೇಷನ್ ನಿರ್ಧಾರ ಯಾವ ಲೆಕ್ಕದ ಮ್ಯಾಲೆ ನಿಂತೈತೋ ಅದನ್ನ. 1991ರಾಗ ನ್ಯಾಸೆಟ್ ಅನ್ನೋ ಉತ್ತರ ಅಮೆರಿಕದ ಟ್ರಯಲ್ ಬಂತು, ಅವರು ಮೂರನೇ ರೀತಿ, ಅಂದ್ರ ಮ್ಯಾಲಿನ ಚೊಲೋ ನಾಳದ ಜೋಡಿ ಹೋಲ್ಸಿ ಅಳದಿದ್ರು, ಅದೂ ಡೈ ಹಾಕಿ ತಗದ ಆಂಜಿಯೋಗ್ರಾಮ್ ಮ್ಯಾಲೆ. ಆಗಲೇ ಲಕ್ಷಣ ಬಂದವರಾಗ, 70ರ ಮ್ಯಾಲೆ ಕಟ್ಟಿದ್ರ, ಬರೇ ಗುಳಿಗಿ ಮ್ಯಾಲಿದ್ದವರಿಗೆ ಎರಡು ವರ್ಷದಾಗ ಅದ ಬಾಜೂ ಸ್ಟ್ರೋಕ್ 26 ಪರ್ಸೆಂಟ್, ಆಪರೇಷನ್ ಆದವರಿಗೆ 9. "70 ಆದ್ರ ಆಪರೇಷನ್" ಅನ್ನೋ ಮಾತು ಹುಟ್ಟಿದ್ದು ಇಲ್ಲಿಂದ. ಆ 70 ಬ್ಯಾರೆ, ಈ ರಿಪೋರ್ಟಿನ 70 ಬ್ಯಾರೆ.

ಮತ್ತ ಅಲ್ಟ್ರಾಸೌಂಡಿನ್ಯಾಗ ನಾವು ಸ್ಕೇಲ್ ಹಿಡದು ಅಳಿಯೋದಕ್ಕಿಂತ ರಕ್ತದ ಸ್ಪೀಡ್ ಮ್ಯಾಲೆ ಜಾಸ್ತಿ ಭರೋಸಾ ಇಡ್ತೀವಿ, ಯಾಕಂದ್ರ ನಾಳ ಕಿರಿದಾದ ಕಡೆ ರಕ್ತ ಜೋರು ಹರೀತೈತಿ. 2003ರಾಗ ಬಂದ ಅಮೆರಿಕದ ರೇಡಿಯಾಲಜಿಸ್ಟರ ಒಮ್ಮತದ ಪಟ್ಟಿ ಪ್ರಕಾರ ಗರಿಷ್ಠ ಸ್ಪೀಡ್ ಸೆಕೆಂಡಿಗೆ 125 ಸೆಂ.ಮೀ. ಒಳಗಿದ್ರ 50ಕ್ಕಿಂತ ಕಮ್ಮಿ ಕಟ್ಟೈತಿ, 125 ರಿಂದ 230 ಇದ್ರ 50 ರಿಂದ 69, 230ರ ಮ್ಯಾಲಿದ್ರ 70 ಅಥವಾ ಹೆಚ್ಚು. ಇವರದು 92 ಇತ್ತು. ಕೆಳಗ, ನಾಳ ಎರಡಾಗಿ ಒಡಿಯೋಕಿಂತ ಮೊದಲಿನ ಕಾಮನ್ ಕೆರೋಟಿಡ್‌ನ್ಯಾಗ ಸ್ಪೀಡ್ 70, ಅಂದ್ರ ಒಂದಕ್ಕ 1.3 ಪಟ್ಟು, 70 ಪರ್ಸೆಂಟ್ ಕಟ್ಟಿದ್ರ ಇದು ನಾಲ್ಕು ಪಟ್ಟು ದಾಟಬೇಕಿತ್ತು.

ಸ್ಪೀಡ್ ಅಂದ ಕೂಡ್ಲೇ ಮಷೀನ್ ಹೇಳಿದ್ದ ಖರೆ ಅಂತ ಅಲ್ಲ. ಶುರುವಾತಿನಾಗ ನಾನ ಒಮ್ಮೆ ಎಡವಟ್ಟು ಮಾಡಿನಿ. ನಾಳಕ್ಕ ಸಮ ಆಗಿ ಒಂದು ಸಣ್ಣ ಗೆರಿ ಹೊಳ್ಳಿಸಿ ಇಡಬೇಕಾಗ್ತೈತಿ, ಮಷೀನಿನಿಂದ ಹೋಗೋ ಧ್ವನಿ ಅಲಿಗೂ ಆ ಗೆರಿಗೂ ನಡುವಿನ ಆ್ಯಂಗಲ್ 60 ಡಿಗ್ರಿ ದಾಟಬಾರದು. ಖರೆ ಆ್ಯಂಗಲ್ 60 ಇದ್ದಾಗ ನಾನು ಗೆರಿ 65ಕ್ಕ ಇಟ್ಟಿದ್ದೆ, ಬರೇ 5 ಡಿಗ್ರಿ, 120 ಇದ್ದ ಸ್ಪೀಡ್ 142 ಅಂತ ತೋರಿಸ್ತು, ಪೇಷಂಟ್ ಒಂದು ಗುಂಪಿನಿಂದ ಮ್ಯಾಲಿನ ಗುಂಪಿಗೆ ಹೋದ್ರು. ಎರಡನೇ ಸಲ ಅಳದಾಗ ಗೊತ್ತಾತು. ಅವತ್ತಿಂದ ಎರಡೂ ಬಾಜೂ ಅದ ಆ್ಯಂಗಲ್‌ನ್ಯಾಗ ಮೂರು ಸಲ ಅಳಿಯದ ಬರಿಯಂಗಿಲ್ಲ. ಇನ್ನೊಂದು, ನಾಳ ಇನ್ನೇನು ಪೂರ್ತಿ ಮುಚ್ಚೋ ಹಂತಕ್ಕ ಬಂದಾಗ ಸ್ಪೀಡ್ ಏರೋದು ಬಿಟ್ಟು ಇಳೀತೈತಿ, ಆಗ ನಂಬರ್ ಮಾತ್ರ ನೋಡಿದ್ರ ನಾರ್ಮಲ್ ಅನಿಸ್ತೈತಿ. ಚಿತ್ರದಾಗ ಬರೇ ದಾರದಷ್ಟು ಕಲರ್ ಕಾಣ್ತಿದ್ರ ಸ್ಪೀಡ್ ಏನ ಹೇಳಲಿ, ಸಿಟಿ ಆಂಜಿಯೋ ಮಾಡ್ಸ್ರಿ ಅಂತ ಬರೀತೀನಿ.

ರಿಪೋರ್ಟ್ ಹೇಳೂವಾಗ ಮಗ ಸಿಟ್ಟಿಗೆದ್ದ, "ಅವರು 70 ಅಂತಾರ, ನೀವು 20 ಅಂತೀರಿ, ಯಾರದ್ರಿ ಸುಳ್ಳು?" ಅವನಿಗೆ ಹೆಂಗ ಹೇಳಬೇಕಂತ ತಿಳೀಲಿಲ್ಲ, ಬಾಜೂಕ ಕೂತ ಅವರವ್ವಗ ಕೇಳಿದೆ, ಯವ್ವಾ, ಅಗಲ ಅರ್ಧ ಇರೋ ರೊಟ್ಟಿ ಬಡದ್ರ ಹಿಟ್ಟು ಎಷ್ಟು ಬೇಕ? ಅಷ್ಟ ದಪ್ಪ ಇದ್ರ. ಆಕಿ ಒಂದ್ ಕ್ಷಣ ಕೈಯಾಗ ಮುದ್ದಿ ಹಿಡದಂಗ ಮಾಡಿ, "ಕಾಲು ಪಾಲು ಸಾಕ್ರಿ, ಒಂದು ರೊಟ್ಟಿ ಹಿಟ್ಟಿನ್ಯಾಗ ಅಂಥಾವು ನಾಲ್ಕು ಆಗ್ತಾವು" ಅಂದ್ರು. ಅದ ನೋಡಪಾ, ಅಗಲ ಅರ್ಧ ಕಮ್ಮಿ ಆದ್ರ 50, ಹಿಟ್ಟಿನ ಲೆಕ್ಕದಾಗ 75, ರೊಟ್ಟಿ ಒಂದ ಅಂದೆ. ಮಗ ಸುಮ್ಮನಾದ.

ಇಷ್ಟಾಗಿಯೂ ನನ್ನ ರಿಪೋರ್ಟೂ ತೊಂದ್ರಿ ಮಾಡ್ತು. ಕೊನಿಗೆ ನಾನು ಬರದದ್ದು "50 ಪರ್ಸೆಂಟ್‌ಗಿಂತ ಕಮ್ಮಿ ಸ್ಟೆನೋಸಿಸ್, ಹರಿವಿಗೆ ಅಡ್ಡಿ ಇಲ್ಲ" ಅಂತ ಒಂದ ಸಾಲು, ಪ್ಲಾಕಿನ ಮಾತು ಮ್ಯಾಲಿನ ಪ್ಯಾರಾದಾಗ ಎಲ್ಲೋ ಇತ್ತು. ಎಂಟು ತಿಂಗಳ ಮ್ಯಾಲೆ ಯಜಮಾನ್ರು ಮತ್ತ ಬಂದ್ರು, ಫಿಜಿಷಿಯನ್ ಬರದ ಕೊಲೆಸ್ಟ್ರಾಲ್ ಗುಳಿಗಿ, ಬಿಪಿ ಗುಳಿಗಿ ಎರಡೂ ಬಿಟ್ಟಿದ್ರು, ಬೀಡಿ ಮತ್ತ ಶುರು. "ಬ್ಲಾಕ್ ಇಲ್ಲಂತ ನೀವ ಬರದೀರಲ್ರಿ." ಆ ಮಾತು ನನಗ ಭಾಳ ಹತ್ತಿತು. ಮೆತ್ತನ್ನ ಪ್ಲಾಕ್ ಇರೋ ಮನುಷ್ಯಾಗ ಆಪರೇಷನ್ ಬ್ಯಾಡ ಅನ್ನೋದಕ್ಕೂ ಔಷಧ ಬ್ಯಾಡ ಅನ್ನೋದಕ್ಕೂ ಅಜಗಜಾಂತರ ಐತಿ, 20 ಇರಲಿ 40 ಇರಲಿ, ಸ್ಟ್ಯಾಟಿನ್, ಬಿಪಿ, ಶುಗರ್, ತಂಬಾಕು ಇವನ್ನ ಬಿಗಿ ಹಿಡಿಯೋದ ಅವರಿಗೆ ಸ್ಟ್ರೋಕ್ ತಪ್ಪಿಸೋ ದಾರಿ, ಅಲ್ಲದ ಪ್ಲಾಕ್ ಅಂದ್ರ ಹೃದಯದ ನಾಳದಾಗೂ ಇರಬಹುದು ಅನ್ನೋ ಸೂಚನಾ. ಸ್ಕ್ಯಾನ್ ಮಾಡಿದೆ, ಪ್ಲಾಕ್ ಬೆಳದಿರಲಿಲ್ಲ. ಫಿಜಿಷಿಯನ್‌ಗೆ ನಾನ ಫೋನ್ ಮಾಡಿ ಅವತ್ತ ಕಳಿಸಿದೆ.

ಆಗಿನಿಂದ ಕೊನಿಗೆ ಎರಡು ಸಾಲು ಬರೀತೀನಿ. ಒಂದು ಕಟ್ಟಿದ್ದು ಎಷ್ಟು, ನ್ಯಾಸೆಟ್ ರೀತಿ, ಸ್ಪೀಡ್ ಸಮೇತ. ಎರಡನೇದು ಪ್ಲಾಕ್ ಐತಿ, ಮೆತ್ತಗೈತೋ ಸುಣ್ಣ ಕಟ್ಟೈತೋ, ಮ್ಯಾಲ್ಮೈ ಒಡದಂಗೈತೋ ಇಲ್ಲೋ, ಮತ್ತ ಔಷಧ ನಿಲ್ಲಿಸಬಾರದು. ಮ್ಯಾಲೆ ಲಕ್ಷಣದ ಸಾಲು, ಯಾವ ಬಾಜೂ, ಎಂದು ಆತು ಅಂತ ತಾರೀಖಿನ ಜೋಡಿ.

ತಾರೀಖು ಯಾಕ ಬರೀಬೇಕನ್ನೋದು ಹಾವೇರಿಯ ಒಬ್ಬ ರಿಟೈರ್ಡ್ ಅಕ್ಕೋರು ಬಂದಾಗ ಕಂಡ್ತು. ನಾಲ್ಕು ದಿನದ ಹಿಂದ ದೇವರ ಮುಂದ ದೀಪ ಹಚ್ಚೂವಾಗ ಬಲಗಣ್ಣಿಗೆ ಕರೇ ಪರದೆ ಮ್ಯಾಲಿಂದ ಇಳದಂಗಾಗಿ ಐದು ನಿಮಿಷಕ್ಕ ತಿಳಿ ಆಗಿತ್ತು, ಸರಿ ಆತಲ್ಲ ಅಂತ ಮನ್ಯಾಗ ಯಾರಿಗೂ ಹೇಳಿರಲಿಲ್ಲ. ಬಲಗಡಿ ಕೆರೋಟಿಡ್‌ನ್ಯಾಗ ಸ್ಪೀಡ್ 310, ಕೆಳಗ 62, ಐದು ಪಟ್ಟು. ಇಲ್ಲಿ 70ರ ಮ್ಯಾಲೆ ಅನ್ನೋದಕ್ಕ ಅನುಮಾನ ಇಲ್ಲ, ಲಕ್ಷಣನೂ ಅದ ಬಾಜೂದು. ಹಿಂಗಾದ ಮ್ಯಾಲೆ ಮೊದಲ ಕೆಲವು ದಿನದಾಗ ದೊಡ್ಡ ಸ್ಟ್ರೋಕ್ ಬರೋ ಅಪಾಯ ಹೆಚ್ಚು, ಆಪರೇಷನ್ನಿನ ಲಾಭ ಎರಡು ವಾರದ ಒಳಗ ಮಾಡಿದ್ರ ಜಾಸ್ತಿ. ರಿಪೋರ್ಟ್ ಟೈಪ್ ಆಗೋದಕ್ಕ ಕಾಯಲಿಲ್ಲ, ಅಕ್ಕೋರನ್ನ ಅಲ್ಲೇ ಕೂಡ್ಸಿ ನ್ಯೂರಾಲಜಿಸ್ಟ್‌ಗೆ ಫೋನ್ ಹಚ್ಚಿದೆ, ಅವತ್ತ ಸಂಜಿಕ ಅಡ್ಮಿಟ್, ಮರುದಿನ ಸಿಟಿ ಆಂಜಿಯೋ, ಕಣ್ಣಿಗೆ ಪರದೆ ಬಿದ್ದ ಒಂಬತ್ತನೇ ದಿನಕ್ಕ ಕುತ್ತಿಗ್ಯಾಗಿನ ನಾಳ ಬಿಚ್ಚಿ ಪ್ಲಾಕ್ ಕೆರದು ತಗದ್ರು. ತಿಂಗಳು ಬಿಟ್ಟು ಫಾಲೋಅಪ್ ಸ್ಕ್ಯಾನಿಗೆ ಬಂದಾಗ ಅದ ಜಾಗದಾಗ ಸ್ಪೀಡ್ 84 ಇತ್ತು.