ಹೈಡ್ರೋಜನ್ ವಿದ್ಯುದ್ವಾರದಿಂದ ಪಿಎಚ್: ಬೆಂಗಳೂರಿನ ಗಾಳಿಯ ಒತ್ತಡವನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ

ಪದವಿ ತರಗತಿಯ ಪ್ರಯೋಗಾಲಯದಲ್ಲಿ ಪಿಎಚ್ ಮೀಟರ್ ಇದ್ದರೂ ಅಸಿಟಿಕ್ ಆಮ್ಲದ ಪಿಎಚ್ ಅನ್ನು ನಾನು ಹೈಡ್ರೋಜನ್ ಅರ್ಧಕೋಶದಿಂದಲೇ ಅಳೆಯಿಸುತ್ತೇನೆ. ಮೀಟರ್ ಉತ್ತರವನ್ನಷ್ಟೇ ಕೊಡುತ್ತದೆ. ಇಲ್ಲಿ ನರ್ನ್ಸ್ಟ್ ಸಮೀಕರಣದ ಒಂದೊಂದು ಪದವೂ ಕಣ್ಣೆದುರಿಗೆ ಕೆಲಸ ಮಾಡುತ್ತದೆ.

ಅರ್ಧಕೋಶದಲ್ಲಿ ಪ್ಲಾಟಿನಂ ಕಪ್ಪು ಹೊದಿಸಿದ ಪ್ಲಾಟಿನಂ ತಗಡಿನ ಸುತ್ತ ಹೈಡ್ರೋಜನ್ ಗುಳ್ಳೆಗಳನ್ನು ಬಿಡುತ್ತೇವೆ; ಅದರ ಮೇಲೆ ಎರಡು ಹೈಡ್ರೋಜನ್ ಅಯಾನುಗಳು ಎರಡು ಎಲೆಕ್ಟ್ರಾನ್‌ಗಳನ್ನು ಪಡೆದು ಒಂದು ಹೈಡ್ರೋಜನ್ ಅಣುವಾಗುತ್ತವೆ. ಈ ಕ್ರಿಯೆಯ ಪ್ರಮಾಣಿತ ವಿಭವ ಸೊನ್ನೆ. ಆದ್ದರಿಂದ 25 °C ನಲ್ಲಿ ಉಳಿಯುವುದು ಲಾಗರಿತಮ್ ತಿದ್ದುಪಡಿ ಮಾತ್ರ:

```
E = −(0.0592/2) log( P / [H+]^2 )
  = −0.0592 pH − 0.0296 log P
```

ಹೈಡ್ರೋಜನ್ ಅಯಾನಿನ ಸಾರತೆಯ ಮೇಲಿರುವ ವರ್ಗ ಛೇದದ 2ರೊಡನೆ ವಜಾ ಆಗುತ್ತದೆ, ಹಾಗಾಗಿ ಪಿಎಚ್ ಒಂದು ಏರಿದರೆ ವಿಭವ 59.2 ಮಿಲಿವೋಲ್ಟ್ ಇಳಿಯುತ್ತದೆ. ಅನಿಲದ ಒತ್ತಡಕ್ಕೆ ವರ್ಗವಿಲ್ಲ, ಆದ್ದರಿಂದ ಅದರ ಮುಂದೆ ಅರ್ಧ ಗುಣಾಂಕ ಉಳಿಯುತ್ತದೆ. ಪಠ್ಯಪುಸ್ತಕದ ಲೆಕ್ಕಗಳಲ್ಲಿ P ಯಾವಾಗಲೂ 1 ಬಾರ್. ಹಾಗಾಗಿ ಕೊನೆಯ ಪದ ಸದ್ದಿಲ್ಲದೆ ಮಾಯವಾಗುತ್ತದೆ. ಬೆಂಗಳೂರಿನಲ್ಲಿ ಅದನ್ನು ಬಿಡುವಂತಿಲ್ಲ.

ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ; ಗಾಳಿಯ ಒತ್ತಡ ಹೆಚ್ಚುಕಡಿಮೆ 0.91 ಬಾರ್. ಗುಳ್ಳೆಯೊಳಗೆ ಹೈಡ್ರೋಜನ್ ಜೊತೆಗೆ ನೀರಾವಿಯೂ ಇರುತ್ತದೆ, 25 °C ನಲ್ಲಿ ಅದರ ಪಾಲು 0.03 ಬಾರ್. ಹೈಡ್ರೋಜನ್‌ಗೆ ಉಳಿಯುವುದು 0.88 ಬಾರ್. ಇದರ ಲಾಗ್ −0.056, 0.0296ರಿಂದ ಗುಣಿಸಿದರೆ 1.6 ಮಿಲಿವೋಲ್ಟ್. ಇದೇ ಪ್ರಯೋಗ ಮಂಗಳೂರಿನಲ್ಲಿ ನಡೆದರೆ ತಿದ್ದುಪಡಿ 0.3 ಮಿಲಿವೋಲ್ಟ್ ದಾಟುವುದಿಲ್ಲ.

ಕೋಶದ ಇನ್ನೊಂದು ಬದಿಗೆ ಸಂತೃಪ್ತ ಕ್ಯಾಲೊಮೆಲ್ ವಿದ್ಯುದ್ವಾರ ಜೋಡಿಸುತ್ತೇನೆ. ಅದರ ವಿಭವವನ್ನು 0.2422 ವೋಲ್ಟ್ ಎಂದು ಹಿಡಿಯುತ್ತೇನೆ. ಕೋಶದ ವಿಭವ ಎಂದರೆ ಕ್ಯಾಲೊಮೆಲ್‌ನ ವಿಭವದಲ್ಲಿ ಹೈಡ್ರೋಜನ್‌ನದನ್ನು ಕಳೆದದ್ದು. 0.1 ಮೋಲಾರ್ ಅಸಿಟಿಕ್ ಆಮ್ಲಕ್ಕೆ ಪೊಟೆನ್ಷಿಯೊಮೀಟರ್ 0.4110 ವೋಲ್ಟ್ ತೋರಿಸಿತು ಎನ್ನಿ. ಒತ್ತಡವನ್ನು ಬಿಟ್ಟರೆ:

```
pH = (0.4110 − 0.2422) / 0.0592 = 2.85
```

ಒತ್ತಡವನ್ನು ಸೇರಿಸಿದರೆ:

```
pH = (0.4110 − 0.2422 + 0.0016) / 0.0592 = 2.88
```

ವ್ಯತ್ಯಾಸ 0.03 ಅಷ್ಟೇ ಎನ್ನಬೇಡಿ. ಇದರಿಂದ ಆಮ್ಲದ ವಿಯೋಜನಾ ಸ್ಥಿರಾಂಕ ಕಂಡುಹಿಡಿಯುವಾಗ ಹೈಡ್ರೋಜನ್ ಅಯಾನಿನ ಸಾರತೆಯ ವರ್ಗ ಬರುತ್ತದೆ, ತಪ್ಪು ಇಮ್ಮಡಿಯಾಗುತ್ತದೆ. ಮೊದಲ ಪಿಎಚ್‌ನಿಂದ 2.0×10⁻⁵ ಸಿಗುತ್ತದೆ, ಎರಡನೆಯದರಿಂದ 1.8×10⁻⁵. ಪುಸ್ತಕದ ಬೆಲೆ 1.75×10⁻⁵.

ಆದರೂ ಒಂದು ಮಿತಿಯನ್ನು ಹೇಳಲೇಬೇಕು. ಲವಣ ಸೇತುವೆ ಮತ್ತು ದ್ರಾವಣ ಕೂಡುವಲ್ಲಿ ಒಂದೆರಡು ಮಿಲಿವೋಲ್ಟ್‌ನ ಸಂಧಿ ವಿಭವ ಹುಟ್ಟಬಹುದು; ಅದು ನಮ್ಮ ತಿದ್ದುಪಡಿಯಷ್ಟೇ ದೊಡ್ಡದು. ಹಾಗಾಗಿ ಮೊದಲು 6.86ರ ಫಾಸ್ಫೇಟ್ ಬಫರ್ ಇಟ್ಟು ನೋಡುತ್ತೇನೆ. ಸೂತ್ರದ ಪ್ರಕಾರ 0.647 ವೋಲ್ಟ್ ಆಸುಪಾಸು ಬರಬೇಕು. ಬಾರದಿದ್ದರೆ ಅಸಿಟಿಕ್ ಆಮ್ಲವನ್ನು ಮುಟ್ಟುವುದೇ ಇಲ್ಲ. 4.0ರ ಥ್ಯಾಲೇಟ್ ಬಫರ್ ಕೈಗೆ ಸುಲಭವಾಗಿ ಸಿಕ್ಕರೂ ಈ ಕೆಲಸಕ್ಕೆ ಬೇಡ: ಪ್ಲಾಟಿನಂ ಕಪ್ಪಿನ ಮೇಲೆ ಹೈಡ್ರೋಜನ್ ಥ್ಯಾಲೇಟನ್ನೇ ಅಪಕರ್ಷಿಸತೊಡಗುತ್ತದೆ, ಓದಿಕೆ ಒಂದೆಡೆ ನಿಲ್ಲುವುದಿಲ್ಲ.

ಓದಿಕೆ ನಂಬಲರ್ಹವೇ ಎಂದು ತಿಳಿಯಲು ನನಗೆ ಗುಳ್ಳೆಗಳೇ ಸಾಕ್ಷಿ. ಸೆಕೆಂಡಿಗೆ ಒಂದೆರಡು ಗುಳ್ಳೆ ಬಿಟ್ಟು, ಓದಿಕೆ ನಿಂತ ಮೇಲೆ ವೇಗವನ್ನು ಸ್ವಲ್ಪ ಹೆಚ್ಚಿಸುತ್ತೇನೆ. ಅಂಕಿ ಕದಲದಿದ್ದರೆ ದ್ರಾವಣ ಹೈಡ್ರೋಜನ್‌ನಿಂದ ಸಂತೃಪ್ತವಾಗಿದೆ ಎಂದರ್ಥ. ಕೋಶದ ವಿಭವ ಏರಿದರೆ ಒಳಗೆ ಇನ್ನೂ ಆಕ್ಸಿಜನ್ ಉಳಿದಿದೆ. ಅದು ಪ್ಲಾಟಿನಂನ ವಿಭವವನ್ನು ಮೇಲಕ್ಕೆಳೆದು, ಪಿಎಚ್ ಇದ್ದುದಕ್ಕಿಂತ ಕಡಿಮೆ ಎಂದು ತೋರಿಸುತ್ತದೆ. ಎಷ್ಟು ಹೊತ್ತು ಗುಳ್ಳೆ ಬಿಟ್ಟರೂ ಓದಿಕೆ ತೆವಳುತ್ತಲೇ ಇದ್ದರೆ ತೊಂದರೆ ವಿದ್ಯುದ್ವಾರದ್ದು: ಸಲ್ಫೈಡ್ ಅಥವಾ ಆರ್ಸೆನಿಕ್ ಅದಕ್ಕೆ ವಿಷ. ಕಿಪ್ ಉಪಕರಣದಲ್ಲಿ ಸತುವಿನಿಂದ ಬರುವ ಹೈಡ್ರೋಜನ್‌ನಲ್ಲಿ ಇವೆರಡರ ಲೇಶ ಇರಬಹುದಾದ್ದರಿಂದ ಅನಿಲವನ್ನು ಕ್ಷಾರೀಯ ಪರ್ಮಾಂಗನೇಟ್ ದ್ರಾವಣದಲ್ಲಿ ತೊಳೆದು, ಆಮೇಲೆ ಬರಿಯ ನೀರಿನಲ್ಲಿ ಹಾಯಿಸಿ ಕೋಶಕ್ಕೆ ಬಿಡುತ್ತೇನೆ. ಹೊರಬರುವ ಹೈಡ್ರೋಜನ್ ಕೊಳವೆಯ ಮೂಲಕ ಕಿಟಕಿಯಾಚೆ ಹೋಗಬೇಕು. ಹತ್ತಿರದಲ್ಲಿ ಬರ್ನರ್ ಉರಿಯಬಾರದು.

ವಿಷ ತಗುಲಿದ ತಗಡಿಗೆ ಮತ್ತೆ ಕಪ್ಪು ಹೊದಿಸುವುದೊಂದೇ ದಾರಿ. ಹಳೆಯ ಲೇಪವನ್ನು ಆಮ್ಲರಾಜದಲ್ಲಿ ತೆಗೆದು, ಕ್ಲೋರೊಪ್ಲಾಟಿನಿಕ್ ಆಮ್ಲಕ್ಕೆ ಚಿಟಿಕೆ ಸೀಸದ ಅಸಿಟೇಟ್ ಬೆರೆಸಿದ ದ್ರಾವಣದಲ್ಲಿ ವಿದ್ಯುತ್ ಹಾಯಿಸುತ್ತೇನೆ. ತಗಡು ಮಖಮಲ್ಲಿನ ಹಾಗೆ ಕಪ್ಪಾದರೆ ಸಾಕು. ದಪ್ಪ ಲೇಪ ಬೇಡ, ಅದು ಸಮತೋಲಕ್ಕೆ ಬರಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಬಟ್ಟಿ ಇಳಿಸಿದ ನೀರಿನಲ್ಲೇ ಇಡಬೇಕು; ಒಣಗಿದ ಲೇಪ ಮುಂದಿನ ಬಾರಿ ಚುರುಕಾಗಿ ಕೆಲಸ ಮಾಡುವುದಿಲ್ಲ.